ಸೊಪ್ಪಿನ ಗಾಡಿಯ ಕೂಗನ್ನು ಹಾಡಾಗಿ ಬರೆಯುವುದು ಹೇಗೆ?

"ನಮ್ಮ ಬೀದಿಯಲ್ಲಿ ಮಾರುವವರ ಕೂಗು ಕೇಳಿದರೆ ಹಾಡಿನ ಹಾಗೇ ಇರುತ್ತದೆ. ಆದರೆ ಬರೆಯಲು ಕೂತರೆ ಬರೀ ಸಾಮಾನಿನ ಪಟ್ಟಿ ಆಗುತ್ತದೆ, ಇಲ್ಲವೇ ಬಡವರ ಕಷ್ಟದ ಕವನ ಆಗುತ್ತದೆ. ಏನು ಮಾಡಲಿ?" ಹಾಡು ಬರೆಯುವ ಹೊಸಬರು ಇದನ್ನು ಮತ್ತೆ ಮತ್ತೆ ಕೇಳುತ್ತಾರೆ. ಅವರಿಗಾಗಿಯೇ ಈ ಬರಹ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ತಳ್ಳುಗಾಡಿಯಲ್ಲಿ ಸೊಪ್ಪು ಮಾರುವವರ ಕೂಗನ್ನು ಇಟ್ಟುಕೊಂಡು, ಮೊದಲಿನಿಂದ ಕೊನೆಯವರೆಗೆ ಒಂದು ಹಾಡು ಕಟ್ಟೋಣ.

ಮೊದಲೇ ಒಂದು ಮಾತು. ಮಾರುವವರ ಕೂಗು ಬೆಳಗ್ಗೆ ಇದ್ದ ಹಾಗೆ ಮಧ್ಯಾಹ್ನ ಇರುವುದಿಲ್ಲ. ಮಧ್ಯಾಹ್ನದ್ದು ಸಂಜೆಗೆ ಇರುವುದಿಲ್ಲ. ಈ ಬದಲಾವಣೆಯೇ ನಿಮ್ಮ ಹಾಡಿನ ಕಥೆ. ಬೇರೆ ಕಥೆ ತಂದು ಸೇರಿಸುವ ಅಗತ್ಯ ಇಲ್ಲ.

ಏನೇನು ಬೇಕು?

ಒಂದು ನೋಟ್ ಪುಸ್ತಕ, ಮೊಬೈಲಿನ ರೆಕಾರ್ಡರ್, ತಾಳ ಹಾಕಲು ಎರಡು ಕೈ. ಸಂಗೀತ ಕಲಿತಿರಬೇಕಿಲ್ಲ. ಏಳರವರೆಗೆ ತಪ್ಪದೆ ಎಣಿಸಲು ಬಂದರೆ ಸಾಕು. ರೆಕಾರ್ಡ್ ಮಾಡುವ ಮೊದಲು ಅವರನ್ನು ಕೇಳಿ. "ಅಮ್ಮಾ, ನೀವು ಕೂಗೋದು ಚೆನ್ನಾಗಿದೆ, ಸ್ವಲ್ಪ ರೆಕಾರ್ಡ್ ಮಾಡಿಕೊಳ್ಳಲಾ?" ಅಂದರೆ ಬೇಡ ಅನ್ನುವವರು ಕಡಿಮೆ. ಬೇಡ ಅಂದರೆ ಸುಮ್ನೆ ಕೇಳಿ ಬರೆದುಕೊಳ್ಳಿ. ಕದ್ದು ರೆಕಾರ್ಡ್ ಮಾಡಬೇಡಿ. ಒಂದು ಕಟ್ಟು ಸೊಪ್ಪಾದರೂ ಕೊಂಡು ಮಾತಾಡಿಸಿ. ಅವರ ವ್ಯಾಪಾರದ ಹೊತ್ತು ಅದು.

ಹಂತ 1: ಸರಿಯಾದ ಕೂಗನ್ನು ಆರಿಸಿ

ಎಲ್ಲ ಕೂಗೂ ಈ ಕೆಲಸಕ್ಕೆ ಆಗುವುದಿಲ್ಲ. ಹಳೇ ಪೇಪರ್, ಹಳೇ ಕಬ್ಬಿಣ ಕೊಳ್ಳುವವರ ಕೂಗು ಬೆಳಗ್ಗೆಯೂ ಒಂದೇ, ಸಂಜೆಯೂ ಒಂದೇ. ಈರುಳ್ಳಿ, ಆಲೂಗಡ್ಡೆಯದೂ ಹೆಚ್ಚು ಕಡಿಮೆ ಹಾಗೇ. ಇವತ್ತು ಮಾರದ ಈರುಳ್ಳಿಯನ್ನು ನಾಳೆ ಮಾರಬಹುದು. ಹಾಗಾಗಿ ಕೂಗಿನಲ್ಲಿ ಅವಸರ ಇರುವುದಿಲ್ಲ.

ಸೊಪ್ಪು ಹಾಗಲ್ಲ. ಕಿತ್ತ ಮೇಲೆ ಎಲೆಯಿಂದ ನೀರು ಆರುತ್ತಲೇ ಇರುತ್ತದೆ, ಮಣ್ಣಿನಿಂದ ಮತ್ತೆ ನೀರು ಸಿಗುವುದಿಲ್ಲ. ಬಿಸಿಲು ಏರಿದ ಹಾಗೆ ಬಾಡುತ್ತದೆ. ಮಾರುವವರು ನೀರು ಚಿಮುಕಿಸುತ್ತಾರೆ, ಗೋಣಿ ಒದ್ದೆ ಮಾಡಿ ಮುಚ್ಚುತ್ತಾರೆ. ಆದರೂ ಸಂಜೆಗೆ ಬೆಲೆ ಇಳಿಸಲೇಬೇಕು. ಅಂದರೆ ಒಂದೇ ದಿನದಲ್ಲಿ ಸಾಮಾನು ಬದಲಾಗುತ್ತದೆ, ಬೆಲೆ ಬದಲಾಗುತ್ತದೆ, ಅದರ ಜೊತೆ ಕೂಗೂ ಬದಲಾಗುತ್ತದೆ. ಹೂವು ಕೂಡ ಇಂಥದ್ದೇ. ಬೆಳಗ್ಗೆ ಪೂಜೆಗೆ ಬಿಡಿ ಹೂವು, ಸಂಜೆ ಮುಡಿಯಲು ಮೊಳದ ಲೆಕ್ಕದಲ್ಲಿ ಮಲ್ಲಿಗೆ. ಕರಾವಳಿಯವರಾದರೆ ಮೀನು ಮಾರುವವರ ಕೂಗನ್ನು ಹಿಡಿಯಬಹುದು.

ಇಲ್ಲಿ ಒಂದು ಎಚ್ಚರಿಕೆ. ಈಗ ತುಂಬಾ ಗಾಡಿಗಳಲ್ಲಿ ಸಣ್ಣ ಸ್ಪೀಕರ್ ಪೆಟ್ಟಿಗೆ ಇರುತ್ತದೆ. ಒಮ್ಮೆ ರೆಕಾರ್ಡ್ ಮಾಡಿದ ಮಾತು ದಿನವಿಡೀ ಸುತ್ತುತ್ತದೆ. ಅದರಲ್ಲಿ ಹೊತ್ತಿನ ಬದಲಾವಣೆ ಇಲ್ಲ, ಹಾಗಾಗಿ ನಮಗೆ ಉಪಯೋಗವಿಲ್ಲ. ಬಾಯಲ್ಲಿ ಕೂಗುವವರನ್ನೇ ಹುಡುಕಿ.

ಹಂತ 2: ಮೂರು ಹೊತ್ತು ಕೇಳಿ, ಕೇಳಿದ ಹಾಗೇ ಬರೆಯಿರಿ

ಬೆಳಗ್ಗೆ ಗಾಡಿ ಬಂದಾಗ, ಮಧ್ಯಾಹ್ನ ಊಟದ ಮುಂಚೆ, ಸಂಜೆ ದೀಪ ಹಚ್ಚುವ ಹೊತ್ತಿಗೆ. ಈ ಮೂರು ಹೊತ್ತು ಸಾಕು. ಒಂದೇ ಗಾಡಿ ನಿಮ್ಮ ಬೀದಿಗೆ ಮೂರು ಸಲ ಬರುವುದಿಲ್ಲ. ಬೆಳಗ್ಗೆ ಬೀದಿಯಲ್ಲಿ ಕೇಳಿ. ಸಂಜೆ ಅವರು ನಿಲ್ಲುವ ಬಸ್ ಸ್ಟಾಪಿನ ಹತ್ತಿರವೋ ಸರ್ಕಲ್ಲಿನಲ್ಲೋ ಹೋಗಿ ಕೇಳಿ.

ಕೂಗಿನಲ್ಲಿ ಮೂರು ತುಂಡು ಇರುತ್ತವೆ. ಬರೆಯುವಾಗಲೇ ಬೇರೆ ಬೇರೆ ಬರೆದುಕೊಳ್ಳಿ. ಮೊದಲನೆಯದು ಎಳೆದು ಹೇಳುವ ಕರೆ: "ಸೊಪ್ಪು ಸೊಪ್ಪೋಓಓ". ಇದು ದೂರದ ಮನೆಯವರಿಗೆ. ಎರಡನೆಯದು ಪಟ್ಟಿ: "ದಂಟು ಪಾಲಕ್ ಮೆಂತ್ಯ ಸಬ್ಸಿಗೆ". ಇದನ್ನು ಎಳೆಯುವುದಿಲ್ಲ, ಬೇಗ ಬೇಗ ಹೇಳುತ್ತಾರೆ. ಗೇಟಿನ ಹತ್ತಿರ ಬಂದವರಿಗೆ ಇದು. ಮೂರನೆಯದು ಬೆಲೆ: "ಹತ್ತಕ್ಕೊಂದು ಹತ್ತಕ್ಕೊಂದು". ಇದು ಗಾಡಿಯ ಪಕ್ಕದಲ್ಲೇ ಹಾದು ಹೋಗುವವರಿಗೆ.

ಈಗ ಹೊತ್ತಿಗೆ ತಕ್ಕಂತೆ ಯಾವ ತುಂಡು ಜಾಸ್ತಿ, ಯಾವುದು ಕಮ್ಮಿ ಎಂದು ಗಮನಿಸಿ. ಬೆಳಗ್ಗೆ ಕರೆ ಉದ್ದ, ಪಟ್ಟಿ ಪೂರ್ತಿ, ಬೆಲೆಯನ್ನು ಯಾರಾದರೂ ಕೇಳಿದರೆ ಮಾತ್ರ ಹೇಳುತ್ತಾರೆ. ಮಧ್ಯಾಹ್ನ ಪಟ್ಟಿಯಲ್ಲಿ ಕೆಲವು ಹೆಸರು ಬಿಟ್ಟುಹೋಗಿರುತ್ತವೆ, ಬೆಲೆ ಬಾಯಿಗೆ ಬರಲು ಶುರುವಾಗಿರುತ್ತದೆ. ಸಂಜೆ ಹೆಸರುಗಳೇ ಇಲ್ಲ, ಬರೀ ಬೆಲೆ.

ಬರೆಯುವಾಗ ಹೆಚ್ಚಿನವರು ಎಡವುವುದು ಒಂದೇ ಕಡೆ. ಕೇಳಿದ್ದು "ಕೊತ್ಮಿರಿ", ಬರೆಯುವುದು "ಕೊತ್ತಂಬರಿ". ಕೇಳಿದ್ದು "ಸಬ್ಸಿಗೆ", ಬರೆಯುವುದು "ಸಬ್ಬಸಿಗೆ". ಶಾಲೆಯಲ್ಲಿ ಕಲಿತ ಕೈ ತಾನಾಗಿ ತಿದ್ದುತ್ತದೆ. ದಯವಿಟ್ಟು ತಿದ್ದಬೇಡಿ. ಯಾಕೆ ಅನ್ನುವುದು ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 3: ಮಾತ್ರೆ ಎಣಿಸಿ

ಮಾತ್ರೆ ಅಂದರೆ ಒಂದು ಅಕ್ಷರ ಹೇಳಲು ಬೇಕಾಗುವ ಹೊತ್ತಿನ ಅಳತೆ. ಕ, ಕಿ, ಕು, ಕೆ, ಕೊ ಇವುಗಳಿಗೆ 1 ಮಾತ್ರೆ. ಇಂಥ ಅಕ್ಷರಕ್ಕೆ ಲಘು ಎನ್ನುತ್ತಾರೆ. ಕಾ, ಕೀ, ಕೂ, ಕೇ, ಕೋ ಇವುಗಳಿಗೆ 2 ಮಾತ್ರೆ. ಇದು ಗುರು. ಇನ್ನೂ ಮೂರು ಕಡೆ 2 ಎಣಿಸಬೇಕು. ಮುಂದೆ ಒತ್ತಕ್ಷರ ಇದ್ದರೆ ಅದರ ಹಿಂದಿನ ಅಕ್ಷರಕ್ಕೆ 2. ಸೊನ್ನೆ ಇರುವ ಅಕ್ಷರಕ್ಕೆ 2. ಪಾಲಕ್ ಎನ್ನುವಲ್ಲಿ ಕೊನೆಗೆ ಅರ್ಧ ಅಕ್ಷರ ಬರುತ್ತದಲ್ಲ, ಅದನ್ನು ಹಿಂದಿನದಕ್ಕೆ ಸೇರಿಸಿ 2.

ಇದಿಷ್ಟು ಗೊತ್ತಿದ್ದರೆ ಸೊಪ್ಪಿನ ಹೆಸರುಗಳನ್ನು ಎಣಿಸಬಹುದು. "ದಂಟು": ದಂ 2, ಟು 1, ಒಟ್ಟು 3. "ಮೆಂತ್ಯ" 3. "ನುಗ್ಗೆ" 3. "ಬಸಳೆ" ಮೂರೂ ಲಘು, ಹಾಗಾಗಿ 3. ಈಗ ಇನ್ನೊಂದು ಗುಂಪು. "ಪಾಲಕ್": ಪಾ 2, ಲಕ್ 2, ಒಟ್ಟು 4. "ಸಬ್ಸಿಗೆ": ಸ 2, ಬ್ಸಿ 1, ಗೆ 1, ಒಟ್ಟು 4. "ಕೊತ್ಮಿರಿ" 4. "ಪುದೀನ": 1, 2, 1, ಒಟ್ಟು 4.

ಒಂದು ಕಡೆ ಮೂರರ ಹೆಸರುಗಳು, ಇನ್ನೊಂದು ಕಡೆ ನಾಲ್ಕರ ಹೆಸರುಗಳು. ಮೂರರದ್ದು ಒಂದು, ನಾಲ್ಕರದ್ದು ಒಂದು ಜೋಡಿಸಿದರೆ ಏಳು.

ದಂಟು ಪಾಲಕ್ (3+4)
ಮೆಂತ್ಯ ಸಬ್ಸಿಗೆ (3+4)
ನುಗ್ಗೆ ಕೊತ್ಮಿರಿ (3+4)
ಬಸಳೆ ಪುದೀನ (3+4)

ಜೋರಾಗಿ ಓದಿ ನೋಡಿ. ನಾಲಿಗೆ ತಾನಾಗಿ ತೂಗುತ್ತದೆ. ಈಗ "ಸಬ್ಸಿಗೆ" ತೆಗೆದು "ಸಬ್ಬಸಿಗೆ" ಹಾಕಿ: 5 ಮಾತ್ರೆ. "ಕೊತ್ತಂಬರಿ" ಹಾಕಿ: 6 ಮಾತ್ರೆ. ತೂಗಾಟ ಅಲ್ಲೇ ನಿಂತುಹೋಗುತ್ತದೆ. ದಿನಾ ಕೂಗಿ ಕೂಗಿ ಬಾಯಿ ಈ ಹೆಸರುಗಳನ್ನು ಸವೆಸಿದೆ. ಆ ಸವೆದ ರೂಪಕ್ಕೇ ಲಯ ಇರುವುದು.

ಕರಿಬೇವು, ಚಕ್ಕೋತ, ಹೊನಗೊನ್ನೆ ಈ ಮೂರೂ 5 ಮಾತ್ರೆಯವು. ಇವನ್ನು ಏಳರ ಸಾಲಿಗೆ ತುರುಕಲು ಹೋಗಬೇಡಿ. ಇವು ಬೇಕೇ ಬೇಕು ಅನ್ನಿಸಿದರೆ ಐದರ ನಡೆಯ ಬೇರೆ ಹಾಡು ಬರೆಯಿರಿ. ಕರಿಬೇವು ಬಿಟ್ಟ ಸೊಪ್ಪಿನ ಹಾಡೇ ಎಂದು ಯಾರಾದರೂ ಕೇಳಿಯಾರು. ಕೊತ್ಮಿರಿ ಕೊಂಡವರಿಗೆ ಕರಿಬೇವು ಒಂದೆರಡು ಕಡ್ಡಿ ಪುಕ್ಕಟೆ ಸಿಗುವುದುಂಟು ಎಂದು ಹೇಳಿಬಿಡಿ.

ಹಂತ 4: ತಾಳಕ್ಕೆ ಕೂರಿಸಿ

3+4 ಹೀಗೆ ಏಳು ಮಾತ್ರೆಯ ಸುತ್ತಿಗೆ ಕರ್ನಾಟಕ ಸಂಗೀತದಲ್ಲಿ ಮಿಶ್ರ ಛಾಪು ತಾಳ ಎನ್ನುತ್ತಾರೆ. ತಾಳದ ಒಂದು ಪೂರ್ತಿ ಸುತ್ತಿಗೆ ಆವರ್ತ ಎಂದು ಹೆಸರು. ಬಾಯಲ್ಲಿ ಹೇಳುವುದು "ತಕಿಟ ತಕದಿಮಿ". ಹಾಡು ಕಲಿಯದವರಿಗೂ ಈ ನಡೆ ಹೊಸದಲ್ಲ. ಗಮಕಿಗಳು ಓದುವ ಭಾಮಿನಿ ಷಟ್ಪದಿಯ ಸಾಲುಗಳು ಇದೇ 3+4ರಲ್ಲಿ ನಡೆಯುತ್ತವೆ. ಕನ್ನಡದ ಕಿವಿಗೆ ಇದು ಹಳೆಯ ಪರಿಚಯ.

ತಾಳ ಹಾಕುವುದು ಸುಲಭ. ಏಳು ಎಣಿಸುತ್ತಾ 1, 4, 6ಕ್ಕೆ ಚಪ್ಪಾಳೆ ತಟ್ಟಿ. ಒಂದು ಆವರ್ತಕ್ಕೆ ಸುಮಾರು ಎರಡು ಸೆಕೆಂಡ್ ಇಟ್ಟುಕೊಳ್ಳಿ. ಅದಕ್ಕಿಂತ ನಿಧಾನ ಮಾಡಿದರೆ ಪಟ್ಟಿ ಜೋಗುಳದ ಹಾಗೆ ಆಗುತ್ತದೆ. ತೀರಾ ಬೇಗ ಮಾಡಿದರೆ "ಕೊತ್ಮಿರಿ" ನಾಲಿಗೆಗೆ ಸಿಕ್ಕುವುದಿಲ್ಲ.

ಈ ಹಂತದಲ್ಲಿ ಕಾಡುವುದು ಸಂಧಿ. ಎರಡು ಪದ ಸೇರುವಾಗ ನಡುವಿನ ಸ್ವರ ಬಿದ್ದುಹೋಗುವುದು ನಮ್ಮ ಮಾತಿನ ರೂಢಿ. ಉದಾಹರಣೆಗೆ ನೀವು "ನೀರು ಇನ್ನೂ" ಎಂದು ಬರೆದಿರಿ ಅಂದುಕೊಳ್ಳಿ. ಕಾಗದದಲ್ಲಿ 3+4, ಸರಿಯಾಗೇ ಇದೆ. ಹಾಡುವಾಗ ಬಾಯಿ "ನೀರಿನ್ನೂ" ಎನ್ನುತ್ತದೆ. ಎಣಿಸಿ: 2, 2, 2. ಏಳು ಹೋಗಿ ಆರು ಆಯಿತು, ತಾಳ ಜಾರಿತು. "ಬನ್ನಿ ಅಮ್ಮಾ" ಕೂಡ ಹೀಗೇ "ಬನ್ನಮ್ಮಾ" ಆಗಿಬಿಡುತ್ತದೆ. ಇದಕ್ಕೆ ಮದ್ದು ಸರಳ. ಆವರ್ತದ ಒಳಗೆ ಎರಡನೇ ಪದವನ್ನು ವ್ಯಂಜನದಿಂದ ಶುರು ಮಾಡಿ. "ನೀರು ಇನ್ನೂ" ಬದಲು "ನೀರು ಹಾಗೇ". "ಬನ್ನಿ ಅಮ್ಮಾ" ಬದಲು "ಬನ್ನಿ ತಾಯೀ". ಒಂದು ಆವರ್ತ ಮುಗಿದು ಇನ್ನೊಂದು ಶುರುವಾಗುವ ಕಡೆ ಸ್ವರ ಬಂದರೆ ಅಷ್ಟು ತೊಂದರೆ ಇಲ್ಲ, ಅಲ್ಲಿ ಬಾಯಿ ಚೂರು ನಿಂತೇ ನಿಲ್ಲುತ್ತದೆ.

ಹಂತ 5: ಪಲ್ಲವಿ

ಪಲ್ಲವಿ ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಸಾಲು. ಎಳೆದು ಹೇಳುವ ಕರೆಯೇ ಪಲ್ಲವಿ ಆಗಬೇಕು. ಬೀದಿಯಲ್ಲೂ ಮತ್ತೆ ಮತ್ತೆ ಬರುವುದು ಅದೇ ತಾನೇ?

"ಸೊಪ್ಪು" ಎಣಿಸಿ: 3. "ಸೊಪ್ಪೋ": ಸೊ 2, ಪ್ಪೋ 2, ಒಟ್ಟು 4. ಕರೆ ಕೂಡ 3+4! ಒಂದು ಆವರ್ತ ಪೂರ್ತಿ ತುಂಬುತ್ತದೆ. ಆದರೆ ಬೀದಿಯಲ್ಲಿ ಆ "ಪ್ಪೋ" ಅಲ್ಲಿಗೇ ನಿಲ್ಲುವುದಿಲ್ಲ, ಇನ್ನೂ ಎಳೆಯುತ್ತದೆ. ಇದಕ್ಕೆ ವ್ಯಾಕರಣದಲ್ಲೇ ಜಾಗ ಇದೆ. ಎರಡು ಮಾತ್ರೆಗಿಂತ ಉದ್ದ ಎಳೆದ ಸ್ವರಕ್ಕೆ ಪ್ಲುತ ಎನ್ನುತ್ತಾರೆ. ದೂರದವರನ್ನು ಕರೆಯುವಾಗ, ಹಾಡುವಾಗ, ಅಳುವಾಗ ಪ್ಲುತ ಬರುತ್ತದೆ ಎಂದು ಹಳೆಯ ವ್ಯಾಕರಣ ಹೇಳುತ್ತದೆ. ನಮ್ಮ ಕೆಲಸದಲ್ಲಿ ಕರೆಯೂ ಹಾಡೂ ಒಟ್ಟಿಗೇ ಇವೆ.

ಎಳೆತವನ್ನು ಹಾಡುವವರಿಗೆ ಇಷ್ಟ ಬಂದಷ್ಟು ಬಿಡಬೇಡಿ. ಲೆಕ್ಕ ಹಾಕಿ ಬರೆಯಿರಿ. ಎಳೆತಕ್ಕೆ ಪೂರ್ತಿ ಒಂದು ಆವರ್ತ, ಅಂದರೆ 7 ಮಾತ್ರೆ ಕೊಡಿ. ಆಗ ಪಲ್ಲವಿ ಹೀಗಾಗುತ್ತದೆ:

ಸೊಪ್ಪು ಸೊಪ್ಪೋ | ಓ . . . . . .
ಬನ್ನಿ ತಾಯೀ | ಸೊಪ್ಪು ಸೊಪ್ಪೋ

ಇಲ್ಲಿ | ಗೆರೆ ಆವರ್ತದ ಗಡಿ. ಚುಕ್ಕೆ ಒಂದಕ್ಕೆ ಒಂದು ಮಾತ್ರೆ. ಎಳೆತದ "ಓ"ಗೂ ಇಲ್ಲಿ ಒಂದೇ ಎಣಿಸಿ, ಆರು ಚುಕ್ಕೆ ಸೇರಿ 7 ಆಗುತ್ತದೆ. "ತಾಯಿ"ಯನ್ನು "ತಾಯೀ" ಎಂದು ಬರೆದದ್ದು 4 ಮಾತ್ರೆ ಆಗಲಿ ಎಂದು. ಕರೆಯುವಾಗ ಕೊನೆಯ ಸ್ವರ ಹೇಗೂ ಉದ್ದವಾಗುತ್ತದೆ, ಹಾಗಾಗಿ ಇದು ಬಲವಂತದ ಎಳೆತ ಅಲ್ಲ. ಪದದ ನಡುವಿನ ಸ್ವರವನ್ನು ಎಳೆದು ಮಾತ್ರೆ ತುಂಬಿಸಿದರೆ ಮಾತ್ರ ಕೇಳಲು ಅಸಹಜವಾಗುತ್ತದೆ.

ಪಲ್ಲವಿಯಲ್ಲೇ ಇನ್ನೊಂದು ಆಸೆ ಹುಟ್ಟುತ್ತದೆ, ಸೊಪ್ಪನ್ನು ಬೇರೆ ಏನಕ್ಕೋ ಹೋಲಿಸುವ ಆಸೆ. ಪುರಂದರದಾಸರು "ಕಲ್ಲುಸಕ್ಕರೆ ಕೊಳ್ಳಿರೋ" ಎಂದು ಮಾರುವವರ ಕೂಗನ್ನೇ ಪಲ್ಲವಿ ಮಾಡಿದ್ದಾರೆ. ಅಲ್ಲಿ ಸಕ್ಕರೆ ಅಂದರೆ ದೇವರ ನಾಮ. ಅದು ಬೇರೆ ದಾರಿ, ಅಲ್ಲಿ ಕೂಗು ಒಂದು ನೆಪ. ನಮ್ಮ ಹಾಡಿನಲ್ಲಿ ಸೊಪ್ಪು ಅಂದರೆ ಸೊಪ್ಪೇ. ಎರಡನ್ನೂ ಒಂದೇ ಹಾಡಿನಲ್ಲಿ ಬೆರೆಸಿದರೆ ಚರಣ ಬರೆಯುವ ಹೊತ್ತಿಗೆ ಸಬ್ಸಿಗೆಗೆ ಯಾವ ಅರ್ಥ ಕೊಡುವುದು ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಹಂತ 6: ಮೂರು ಚರಣ

ಚರಣ ಅಂದರೆ ಪಲ್ಲವಿಯ ನಡುವೆ ಬರುವ, ಪ್ರತಿ ಸಲ ಬದಲಾಗುವ ಭಾಗ. ಒಂದು ಹೊತ್ತಿಗೆ ಒಂದು ಚರಣ.

*ಬೆಳಗ್ಗೆ.* ಪಟ್ಟಿ ಪೂರ್ತಿ ಇರಲಿ. ಎಂಟು ಹೆಸರು, ನಾಲ್ಕು ಆವರ್ತ, ಎರಡು ಸಾಲು. ಹೆಸರುಗಳ ಜೊತೆ ಗುಣವಾಚಕ ಸೇರಿಸಬೇಡಿ. "ಹಸಿರು ಹಸಿರು ದಂಟು" ಎಂದು ಯಾರೂ ಕೂಗುವುದಿಲ್ಲ, ದಂಟು ಹಸಿರು ಅನ್ನುವುದು ಕೊಳ್ಳುವವರಿಗೆ ಕಾಣುತ್ತದೆ. ಮುಂದಿನ ಎರಡು ಸಾಲಿನಲ್ಲಿ ಮಾರುವವರು ಸೊಪ್ಪಿನ ಬಗ್ಗೆ ಕೊಚ್ಚಿಕೊಳ್ಳುವ ಮಾತು ಬರಲಿ.

ಮೂರು ಗಂಟೆಗೆ | ಹೋಗಿ ತಂದೇ
ನೀರು ಹಾಗೇ | ಎಲೆಯ ಮೇಲೇ

ಎರಡು ಸಾಲಿನ ಎರಡನೇ ಅಕ್ಷರ ನೋಡಿ: ಮೂ-ರು, ನೀ-ರು. ಇದು ಆದಿಪ್ರಾಸ, ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರುವುದು. ಅದರ ಹಿಂದಿನ ಅಕ್ಷರ ಎರಡು ಕಡೆಯೂ ಗುರು ಆಗಿರಬೇಕು, ಇಲ್ಲವೇ ಎರಡು ಕಡೆಯೂ ಲಘು ಆಗಿರಬೇಕು. ಇಲ್ಲಿ ಮೂ, ನೀ ಎರಡೂ ಗುರು. ಹಾಗಾಗಿ ಪ್ರಾಸ ಕೂತಿತು. ಪಟ್ಟಿಯ ಸಾಲುಗಳಿಗೆ ಪ್ರಾಸ ಬೇಡ. ಪ್ರಾಸಕ್ಕಾಗಿ ಗಾಡಿಯಲ್ಲಿ ಇಲ್ಲದ ಸೊಪ್ಪು ತರುವ ಪರಿಸ್ಥಿತಿ ಬರುತ್ತದೆ.

ಈ ಚರಣದಲ್ಲಿ ಬೆಲೆ ಹೇಳಬೇಡಿ. ಅದನ್ನು ಉಳಿಸಿಕೊಳ್ಳಿ.

*ಮಧ್ಯಾಹ್ನ.* ಹೊಸ ಪಟ್ಟಿ ಬರೆಯಬೇಡಿ. ಬೆಳಗ್ಗೆಯ ಪಟ್ಟಿಯನ್ನೇ ತೆಗೆದುಕೊಂಡು, ಮಾರಿಹೋದ ಸೊಪ್ಪಿನ ಹೆಸರು ಅಳಿಸಿ. ಅಳಿಸಿದ ಜಾಗವನ್ನು ಹಾಗೇ ಖಾಲಿ ಬಿಡಿ. ಪಾಲಕ್ ಹೋಗಿದ್ದರೆ ಆ 4 ಮಾತ್ರೆ ಮೌನ. ತಾಳ ನಡೆಯುತ್ತಿರುತ್ತದೆ, ಬಾಯಿ ಸುಮ್ಮನಿರುತ್ತದೆ.

ದಂಟು . . . . | ಮೆಂತ್ಯ ಸಬ್ಸಿಗೆ
ನುಗ್ಗೆ . . . . | ಬಸಳೆ . . . .

ಮೊದಲ ಚರಣ ಕೇಳಿದವರಿಗೆ ಆ ಖಾಲಿಯಲ್ಲಿ ಏನಿತ್ತು ಎಂದು ನೆನಪಿರುತ್ತದೆ. ಪಾಲಕ್ ಮಾರಿಹೋಯಿತು ಎಂದು ನೀವು ಹೇಳಬೇಕಾಗಿಲ್ಲ. ಯಾವ ಹೆಸರು ಅಳಿಸಬೇಕು ಎನ್ನುವುದನ್ನು ನಿಮ್ಮ ನೋಟ್ ಪುಸ್ತಕ ನೋಡಿ ತೀರ್ಮಾನಿಸಿ. ನಿಮ್ಮ ಬೀದಿಯಲ್ಲಿ ಮೆಂತ್ಯ ಮೊದಲು ಖಾಲಿಯಾಗುವುದಾದರೆ ಅದನ್ನೇ ಅಳಿಸಿ. ಒಂದು ಮಾತು ನೆನಪಿರಲಿ. ನಾಲ್ಕರ ಹೆಸರು ಅಳಿಸಿದರೆ ಆವರ್ತದ ಕೊನೆ ಖಾಲಿಯಾಗುತ್ತದೆ, ಹಾಡುವವರು ಸಲೀಸಾಗಿ ಮುಂದಿನ ಸುತ್ತಿಗೆ ಬರುತ್ತಾರೆ. ಮೂರರ ಹೆಸರು ಅಳಿಸಿದರೆ ಆವರ್ತದ ಶುರುವಿನಲ್ಲೇ ಮೌನ. ಕೈಯಲ್ಲಿ ತಾಳ ಗಟ್ಟಿ ಇಲ್ಲದವರು ಅಲ್ಲಿ ಮುಂಚೆಯೇ ಬಂದುಬಿಡುತ್ತಾರೆ. ಮೊದಲ ಸಲ ಬರೆಯುವವರು ನಾಲ್ಕರ ಹೆಸರುಗಳನ್ನೇ ಅಳಿಸುವುದು ಒಳ್ಳೆಯದು.

ಇನ್ನು ಬಾಡಿದ ಸೊಪ್ಪಿನ ವಿಷಯ. ಇಲ್ಲಿ ಬರೆಯುವವರ ಕೈ ಜಾರುತ್ತದೆ. "ಬಾಡಿತು ಸೊಪ್ಪು, ಬಾಡಿತು ಬದುಕು" ಅಂತ ಏನಾದರೂ ಬಂದುಬಿಡುತ್ತದೆ. ಸೊಪ್ಪು ಬಾಡಿದೆ ಎಂದು ಯಾವ ಮಾರುವವರೂ ಬಾಯಿಬಿಟ್ಟು ಹೇಳುವುದಿಲ್ಲ. ಅವರು ಹೇಳುವುದು ಹೀಗೆ:

ನೀರು ಹಾಕಿದೆ | ಈಗ ತಾನೇ

ಬೆಳಗ್ಗೆ ನೀರು ತಾನಾಗಿ ಎಲೆಯ ಮೇಲಿತ್ತು. ಈಗ ಹಾಕಬೇಕಾಗಿದೆ. ಬಾಡಿದ್ದು ಕೇಳುವವರಿಗೆ ಗೊತ್ತಾಯಿತು, ಅಲ್ವಾ? ಇದು ಅವರ ಬಾಯಿಂದ ಬಂದಿರಬಹುದಾದ ಮಾತೇ ಎಂದು ಪ್ರತಿ ಸಾಲಿಗೂ ಕೇಳಿಕೊಳ್ಳಿ. ಅಲ್ಲ ಎಂದಾದರೆ ಸಾಲು ಎಷ್ಟೇ ಚೆನ್ನಾಗಿದ್ದರೂ ತೆಗೆದುಹಾಕಿ.

ಈ ಚರಣದ ಕೊನೆಯ ಸಾಲಿನಲ್ಲಿ ಬೆಲೆ ಮೊದಲ ಸಲ ಬರಲಿ: "ಹತ್ತಕ್ಕೊಂದು ಹತ್ತಕ್ಕೊಂದು".

ಸ್ವಲ್ಪ ನಿಲ್ಲಿ, ಇದನ್ನು ಎಣಿಸಿ. ಹ 2, ತ್ತ 2, ಕ್ಕೊಂ 2, ದು 1. ಒಟ್ಟು 7. ಆದರೆ ಎಲ್ಲಿ ಒಡೆಯುತ್ತದೆ ನೋಡಿ: "ಹತ್ತ" 4, "ಕ್ಕೊಂದು" 3. ಇಲ್ಲಿಯವರೆಗೆ 3+4 ಇದ್ದದ್ದು ಇಲ್ಲಿ 4+3 ಆಗಿದೆ. ಇದು ತಪ್ಪಲ್ಲ. ಮಿಶ್ರ ಛಾಪನ್ನು ತಿರುಗಿಸಿ ಹಾಕುವ ಕ್ರಮಕ್ಕೆ ವಿಲೋಮ ಛಾಪು ಎಂದು ಹೆಸರೇ ಇದೆ. ಬೆಲೆಯ ಮಾತುಗಳನ್ನು ಒಂದೊಂದಾಗಿ ಎಣಿಸಿದರೆ ಇನ್ನೂ ಮಜಾ ಇದೆ. "ಹತ್ತಕ್ಕೆರಡು": 2, 2, 1, 1, 1. ಅದೂ 4+3. "ಹತ್ತಕ್ ಮೂರು": 2, 2, 2, 1. ಅದೂ 4+3. ಹೆಸರುಗಳು 3+4ರಲ್ಲಿ ನಡೆಯುತ್ತವೆ, ಬೆಲೆ 4+3ರಲ್ಲಿ ನಡೆಯುತ್ತದೆ. ನನಗೆ ಇಡೀ ಹಾಡಿನಲ್ಲಿ ತುಂಬಾ ಇಷ್ಟವಾದದ್ದು ಇದೇ. ಇದನ್ನು "ಸರಿ" ಮಾಡಲು ಹೋಗಬೇಡಿ. ಮಧ್ಯಾಹ್ನದ ಕೊನೆಯ ಸಾಲಿನಲ್ಲಿ ಕೇಳುವವರ ಕಾಲು ಚೂರು ಎಡವಲಿ.

ನಿಮ್ಮ ಬೀದಿಯಲ್ಲಿ ಕಟ್ಟಿನ ಬೆಲೆ ಹತ್ತಲ್ಲ, ಇಪ್ಪತ್ತು ಎನ್ನುವಿರಾ? "ಇಪ್ಪತ್ತಕ್ಕೊಂದು" 9 ಮಾತ್ರೆ, ಏಳರಲ್ಲಿ ಕೂರುವುದಿಲ್ಲ. ಆಗ ಎರಡು ದಾರಿ. ಹತ್ತರ ಸಣ್ಣ ಕಟ್ಟನ್ನು ಹಾಡಿನಲ್ಲಿ ಇಟ್ಟುಕೊಳ್ಳಿ. ಅಥವಾ "ಕಟ್ಟು" ಎಂಬ ಪದವನ್ನು ಮುಂದೆ ತಂದು "ಕಟ್ಟು ಇಪ್ಪತ್" ಎನ್ನಿ, ಅದು 3+4. ಆದರೆ ಅಲ್ಲಿ ಸಂಧಿ "ಕಟ್ಟಿಪ್ಪತ್" ಮಾಡುವ ಅಪಾಯ ಇದೆ, ನಡೆಯೂ ತಿರುಗುವುದಿಲ್ಲ. ಹಾಗಾಗಿ ನಾನಾದರೆ ಹತ್ತನ್ನೇ ಇಡುತ್ತೇನೆ.

*ಸಂಜೆ.* ಈಗ ಹೆಸರು ಒಂದೂ ಬೇಡ. ಪೂರ್ತಿ ಚರಣ 4+3ರಲ್ಲಿ.

ಹತ್ತಕ್ಕೆರಡು | ಹತ್ತಕ್ಕೆರಡು
ಹತ್ತಕ್ ಮೂರು | ಹತ್ತಕ್ ಮೂರು
ಉಳಿದದ್ದೆಲ್ಲ | ತಗೊಂಡು ಹೋಗಿ

"ಉಳಿದದ್ದೆಲ್ಲ" ಎಣಿಸಿ: ಉ 1, ಳಿ 1, ದ 2, ಅಲ್ಲಿಗೆ 4. ದ್ದೆ 2, ಲ್ಲ 1, ಅಲ್ಲಿಗೆ 3. "ತಗೊಂಡು ಹೋಗಿ" ಕೂಡ 4+3. ಈ ಚರಣಕ್ಕೆ ಚಪ್ಪಾಳೆ ಬದಲಾಗುತ್ತದೆ: 1, 3, 5. "ತಕದಿಮಿ ತಕಿಟ" ಎಂದು ಬಾಯಲ್ಲಿ ಹೇಳಿಕೊಂಡರೆ ಕೈ ತಾನಾಗಿ ಹೊಂದಿಕೊಳ್ಳುತ್ತದೆ.

ಬೆಲೆ ಇಳಿಯುವ ಕ್ರಮ ತಪ್ಪಬಾರದು. ಹತ್ತಕ್ಕೆ ಒಂದು, ಹತ್ತಕ್ಕೆ ಎರಡು, ಹತ್ತಕ್ಕೆ ಮೂರು. ನಡುವಿನದನ್ನು ಬಿಟ್ಟು ಒಂದರಿಂದ ಮೂರಕ್ಕೆ ಹಾರಿದರೆ ಅವಸರ ಕಾಣುವುದಿಲ್ಲ, ಬರೀ ಅಗ್ಗ ಅನ್ನಿಸುತ್ತದೆ.

ಕೊನೆಯ ಪಲ್ಲವಿಯನ್ನೂ ತಿರುಗಿಸಿಬಿಡಿ. "ಸೊಪ್ಪು ಸೊಪ್ಪೋ" 3+4 ಇತ್ತು. ಪದ ಅದಲು ಬದಲು ಮಾಡಿದರೆ "ಸೊಪ್ಪೋ ಸೊಪ್ಪು", ಅದು 4+3. ಎಳೆಯುವ ಆವರ್ತ ಇಲ್ಲ. ಸಂಜೆ ಗಾಡಿ ನಿಂತಿರುವುದು ಜನರ ನಡುವೆ, ಕರೆಯಲು ದೂರದವರು ಯಾರೂ ಇಲ್ಲ. ಪ್ಲುತಕ್ಕೆ ಕಾರಣವೇ ಉಳಿದಿಲ್ಲ. "ಪ್ಪು" ಲಘುವಿನಲ್ಲೇ ಹಾಡು ನಿಲ್ಲಲಿ.

ಹಂತ 7: ಪೂರ್ತಿ ಬರೆದು ನೋಡಿ

ಪಲ್ಲವಿ
ಸೊಪ್ಪು ಸೊಪ್ಪೋ | ಓ . . . . . .
ಬನ್ನಿ ತಾಯೀ | ಸೊಪ್ಪು ಸೊಪ್ಪೋ

ಚರಣ 1
ದಂಟು ಪಾಲಕ್ | ಮೆಂತ್ಯ ಸಬ್ಸಿಗೆ
ನುಗ್ಗೆ ಕೊತ್ಮಿರಿ | ಬಸಳೆ ಪುದೀನ
ಮೂರು ಗಂಟೆಗೆ | ಹೋಗಿ ತಂದೇ
ನೀರು ಹಾಗೇ | ಎಲೆಯ ಮೇಲೇ
(ಪಲ್ಲವಿ)

ಚರಣ 2
ದಂಟು . . . . | ಮೆಂತ್ಯ ಸಬ್ಸಿಗೆ
ನುಗ್ಗೆ . . . . | ಬಸಳೆ . . . .
ನೀರು ಹಾಕಿದೆ | ಈಗ ತಾನೇ
ಹತ್ತಕ್ಕೊಂದು | ಹತ್ತಕ್ಕೊಂದು
(ಪಲ್ಲವಿ)

ಚರಣ 3
ಹತ್ತಕ್ಕೆರಡು | ಹತ್ತಕ್ಕೆರಡು
ಹತ್ತಕ್ ಮೂರು | ಹತ್ತಕ್ ಮೂರು
ಉಳಿದದ್ದೆಲ್ಲ | ತಗೊಂಡು ಹೋಗಿ
ಸೊಪ್ಪೋ ಸೊಪ್ಪು

ಹಂತ 8: ಪರೀಕ್ಷೆ ಮಾಡಿ, ಹಾಡುವವರಿಗೆ ಕೊಡಿ

ನೀವೇ ಹಾಡಿ ನೋಡಿದರೆ ತಪ್ಪು ಗೊತ್ತಾಗುವುದಿಲ್ಲ. ಬರೆದವರ ಬಾಯಿ ತನಗೆ ಬೇಕಾದ ಹಾಗೆ ಎಳೆದು ಹೊಂದಿಸಿಕೊಳ್ಳುತ್ತದೆ. ಹಾಡನ್ನು ನೋಡದ ಒಬ್ಬರಿಗೆ ಕಾಗದ ಕೊಡಿ. ನೀವು ಚಪ್ಪಾಳೆ ತಟ್ಟಿ, ಅವರು ಓದಲಿ, ರಾಗ ಬೇಡ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಗುರುತು ಹಾಕಿ. ಎರಡು ಮೂರು ಜನ ಒಂದೇ ಕಡೆ ತಡವರಿಸಿದರೆ ಅಲ್ಲಿ ಮಾತ್ರೆ ಜಾಸ್ತಿಯೋ ಕಮ್ಮಿಯೋ ಇದೆ, ಇಲ್ಲವೇ ಸಂಧಿ ನುಂಗಿದೆ. ಚರಣ 2ರ ಕೊನೆಯ ಸಾಲಿನಲ್ಲಿ ಎಲ್ಲರೂ ಎಡವುತ್ತಾರೆ, ಅದು ನಾವೇ ಇಟ್ಟದ್ದು. ಅದನ್ನು ಬಿಟ್ಟುಬಿಡಿ. ಆದರೆ ಅದರ ನಂತರ ಬರುವ ಪಲ್ಲವಿಗೆ ಮತ್ತೆ 3+4ಕ್ಕೆ ಬರಲು ಹಾಡುವವರಿಗೆ ಕಷ್ಟವಾದರೆ, ನಡುವೆ ಒಂದು ಆವರ್ತ ಬರೀ ತಾಳ ಬಿಡಿ.

ಹಾಡುವವರಿಗೆ ಕೊಡುವಾಗ ಗೆರೆ, ಚುಕ್ಕೆ ಸಮೇತ ಕೊಡಿ. ಇಲ್ಲದಿದ್ದರೆ ಮಧ್ಯಾಹ್ನದ ಖಾಲಿ ಜಾಗವನ್ನು ಆಲಾಪವೋ ಕೊಳಲೋ ತುಂಬಿಬಿಡುತ್ತದೆ. ಅಲ್ಲಿ ತಾಳ ಬಿಟ್ಟು ಬೇರೇನೂ ಕೇಳಿಸಬಾರದು ಎಂದು ಪಕ್ಕದಲ್ಲೇ ಬರೆದಿಡಿ. ಹಿನ್ನೆಲೆಗೆ ಕಂಜರ ಅಥವಾ ತಮಟೆ ಒಂದೇ ಸಾಕು. ರಾಗ ಹಾಕುವವರು ಬೆಳಗ್ಗೆಯ ಪಟ್ಟಿಯನ್ನು ಎರಡು ಮೂರು ಸ್ವರದ ಒಳಗೇ ಇಟ್ಟರೆ ಕೂಗಿನ ಗುಣ ಉಳಿಯುತ್ತದೆ. ಪಲ್ಲವಿಯ "ಓ" ಮಾತ್ರ ಮೇಲೆ ಹೋಗಲಿ.

ಹಾಡನ್ನು ಎಲ್ಲಾದರೂ ಹಾಕುವ ಮೊದಲು ಆ ಗಾಡಿಯವರಿಗೆ ಒಮ್ಮೆ ಕೇಳಿಸಿ. ಅವರ ಹೆಸರು, ಬೀದಿ, ಧ್ವನಿ ಇವುಗಳನ್ನು ಅವರು ಒಪ್ಪಿದರೆ ಮಾತ್ರ ಬಳಸಿ. ಕೂಗಿನ ರೆಕಾರ್ಡಿಂಗನ್ನೇ ಹಾಡಿನೊಳಗೆ ಸೇರಿಸುವುದಾದರೆ ಅದು ಅವರ ಕೆಲಸವೂ ಹೌದು. ಹಾಡುವವರಿಗೆ ದುಡ್ಡು ಕೊಡುವ ಹಾಗೇ ಅವರಿಗೂ ಕೊಡಿ, ಎಷ್ಟು ಎನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ಕೇಳಿಸುವಾಗ ಪಟ್ಟಿಯ ಕ್ರಮ ಸರಿ ಇದೆಯಾ ಎಂದೂ ಕೇಳಿ. "ಮೆಂತ್ಯ ಮೊದಲು ಹೇಳ್ತೀನಿ ನಾನು" ಎಂದು ಅವರು ಅಂದರೆ, ದಂಟು ಮತ್ತು ಮೆಂತ್ಯ ಎರಡೂ 3 ಮಾತ್ರೆಯವು, ಜಾಗ ಬದಲಿಸಲು ಏನೂ ತೊಂದರೆ ಇಲ್ಲ.